ಏಳು ಅಕ್ಷರ, ಹದಿನಾರು ಮಾತ್ರೆ

ಪುಣೆಯಲ್ಲಿ ನಾವು ಕೆಲವು ಕನ್ನಡ ಕುಟುಂಬಗಳು ತಿಂಗಳಿಗೊಮ್ಮೆ ಭಾನುವಾರ ಸಂಜೆ ಕನ್ನಡ ಆರಾಧನೆಗೆ ಸೇರುತ್ತೇವೆ. ಧಾರವಾಡ, ಗದಗ, ಬೀದರ್, ಉಡುಪಿ ಹೀಗೆ ಎಲ್ಲ ಕಡೆಯವರೂ ಇದ್ದೇವೆ. ಡಿಸೆಂಬರ್ ಬಂದರೆ ಮಾತ್ರ ಒಂದು ವಿಚಿತ್ರ ನಡೆಯುತ್ತದೆ. ಪ್ರಾರ್ಥನೆ ಕನ್ನಡದಲ್ಲಿ, ಪ್ರಸಂಗ ಕನ್ನಡದಲ್ಲಿ, ಕ್ಯಾರಲ್‌ಗಳು ಮಾತ್ರ ಇಂಗ್ಲಿಷಿನಲ್ಲಿ. ಮಕ್ಕಳಿಗೆ ಅವು ಶಾಲೆಯಿಂದಲೇ ಬಾಯಿಪಾಠ. ಊರಿಂದ ಬಂದ ಅಜ್ಜ ಅಜ್ಜಿಯರು ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತಿರುತ್ತಾರೆ. ನಮ್ಮವ್ವನೂ ಹಾಗೆಯೇ ಕೂತಿದ್ದಳು. ಊರಿನ ಸಭೆಯಲ್ಲಿ ಎಲ್ಲರಿಗಿಂತ ದೊಡ್ಡ ದನಿ ಅವಳದು. ಪುಣೆಯಲ್ಲಿ ಅವಳು ಕೇಳುಗಳು.

ಆ ವರ್ಷ ನಮ್ಮ ಗಾಯಕರ ಗುಂಪಿನವರು ಒಂದು ಕ್ಯಾರಲ್ಲನ್ನಾದರೂ ಕನ್ನಡದಲ್ಲಿ ಹಾಡೋಣ ಎಂದು ತೀರ್ಮಾನಿಸಿ ಕೆಲಸವನ್ನು ನನಗೆ ಹಚ್ಚಿದರು. ನಾನು ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುವವನು, ಕವಿಯಲ್ಲ. ಆದರೆ ಗುಂಪಿನಲ್ಲಿ ಕನ್ನಡ ಛಂದಸ್ಸಿನ ಹೆಸರು ಕೇಳಿದವನೂ ಕೀಬೋರ್ಡ್ ನುಡಿಸಬಲ್ಲವನೂ ನಾನೊಬ್ಬನೇ. ಆರಿಸಿದ್ದು ‘ಹಾರ್ಕ್! ದ ಹೆರಾಲ್ಡ್ ಏಂಜಲ್ಸ್ ಸಿಂಗ್.’ ಅದರಲ್ಲಿ ಸಾಲು ಸಾಲಿಗೂ ಒಂದೊಂದು ವಚನ ಹುದುಗಿದೆ: ಲೂಕನ ಎರಡನೆಯ ಅಧ್ಯಾಯ, ಯೆಶಾಯನ ಇಮ್ಮಾನುವೇಲ್, ಮಲಾಕಿಯ ಸೂರ್ಯ, ಫಿಲಿಪ್ಪಿಯವರಿಗೆ ಬರೆದ ಪತ್ರ, ನಿಕೊದೇಮನಿಗೆ ಯೇಸು ಹೇಳಿದ ಮಾತು. ಅನುವಾದದಲ್ಲಿ ಒಂದು ಪದ ಆಚೀಚೆ ಆದರೆ ಹಾಡು ಕೆಡುವುದಲ್ಲದೆ ಬೋಧನೆಯೂ ಕೆಡುತ್ತದೆ. ನಮ್ಮ ಸಭಾಪಾಲಕರು ಇದನ್ನು ಮೊದಲ ದಿನವೇ ನಗುತ್ತಲೇ ಎಚ್ಚರಿಸಿದರು: “ರಾಗ ತಪ್ಪಿದರೆ ನಾನು ಸುಮ್ಮನಿರುತ್ತೇನೆ, ಅರ್ಥ ತಪ್ಪಿದರೆ ಬಿಡುವುದಿಲ್ಲ.”

ಈ ಹಾಡಿನ ಚರಿತ್ರೆಯೇ ಒಂದು ತಿದ್ದುಪಡಿಗಳ ಸರಮಾಲೆ. ಚಾರ್ಲ್ಸ್ ವೆಸ್ಲಿ ಇದನ್ನು 1739ರಲ್ಲಿ ಪ್ರಕಟಿಸಿದಾಗ ಮೊದಲ ಸಾಲಿನಲ್ಲಿ ದೇವದೂತರೇ ಇರಲಿಲ್ಲ; ಆಕಾಶವೇ ಮೊಳಗುತ್ತಿತ್ತು, ಅದಕ್ಕೆ ಆಗಲೇ ಹಳತಾಗಿದ್ದ ಒಂದು ಇಂಗ್ಲಿಷ್ ಪದ ಬಳಸಿದ್ದ. 1753ರಲ್ಲಿ ಜಾರ್ಜ್ ವೈಟ್‌ಫೀಲ್ಡ್ ಅದನ್ನು ಬದಲಿಸಿ ದೂತರನ್ನು ತಂದ. ರಾಗ ಇನ್ನೂ ಈಚಿನದು. ಮೆಂಡೆಲ್‌ಸನ್ 1840ರಲ್ಲಿ ಗುಟೆನ್‌ಬರ್ಗನ ಮುದ್ರಣಕಲೆಯ ಸ್ಮರಣೆಗೆಂದು ಕಟ್ಟಿದ ಸಂಗೀತದಿಂದ ಅದನ್ನು ಎತ್ತಿಕೊಂಡು, 1855ರಲ್ಲಿ ವಿಲಿಯಂ ಕಮಿಂಗ್ಸ್ ಎಂಬ ಆರ್ಗನ್ ವಾದಕ ವೆಸ್ಲಿಯ ಸಾಲುಗಳಿಗೆ ಹೊಂದಿಸಿದ. ಇಷ್ಟು ಕೈಗಳು ಆಡಿದ ಹಾಡಿಗೆ ಇನ್ನೊಂದು ಕೈ ಹಚ್ಚುವುದು ಅಪಚಾರವಲ್ಲ ಎಂಬ ಧೈರ್ಯ ನನಗೆ ಬಂದದ್ದು ಇದರಿಂದಲೇ.

ಇಂಗ್ಲಿಷಿನಲ್ಲಿ ಒಂದೊಂದು ಸಾಲಿಗೆ ಏಳು ಉಚ್ಚಾರಾಂಶ. ರಾಗದಲ್ಲಿ ಒಂದು ಸಾಲಿಗೆ ಎಂಟು ತಾಳದೇಟು. ಕೊನೆಯ ಉಚ್ಚಾರಾಂಶ ಎರಡು ಏಟು ಎಳೆಯುತ್ತದೆ, ಹಾಗಾಗಿ ಲೆಕ್ಕ ಸರಿಹೋಗುತ್ತದೆ. ಇದನ್ನು ಕನ್ನಡಕ್ಕೆ ತರುವವರು ಸಾಮಾನ್ಯವಾಗಿ ಮಾಡುವುದು ಏಳು ಸ್ವರಕ್ಕೆ ಏಳು ಅಕ್ಷರ ಕೂರಿಸುವ ಕೆಲಸ. ಇಂಗ್ಲಿಷಿನ ಏಳು ಉಚ್ಚಾರಾಂಶಗಳಲ್ಲಿ ಐದಾರು ಪದ ಹಿಡಿಸುತ್ತವೆ. ಕನ್ನಡದ ಏಳು ಅಕ್ಷರಗಳಲ್ಲಿ ಎರಡು, ಹೆಚ್ಚೆಂದರೆ ಮೂರು. ವಿಭಕ್ತಿಯನ್ನೂ ಕ್ರಿಯಾಪದದ ಬಾಲವನ್ನೂ ಕತ್ತರಿಸಿದರೆ ಮಾತ್ರ ಜಾಗ ಸಿಗುತ್ತದೆ. ಆಮೇಲೆ ಉಳಿಯುವುದು ತಂತಿ ಕಳಿಸಿದಂಥ ಕನ್ನಡ.

ಅದಕ್ಕಿಂತ ದೊಡ್ಡ ತೊಂದರೆ ಹ್ರಸ್ವ ದೀರ್ಘದ್ದು. ಇಂಗ್ಲಿಷಿನ ಸ್ವರವನ್ನು ಎಳೆದರೂ ಪದ ಅದೇ ಪದವಾಗಿ ಉಳಿಯುತ್ತದೆ. ಕನ್ನಡದಲ್ಲಿ ಎಳೆದರೆ ಪದವೇ ಬದಲು. ‘ಬಲ’ವನ್ನು ಒಂದು ಪೂರ್ತಿ ಏಟಿನ ಮೇಲೆ ಕೂರಿಸಿ ನೋಡಿ, ದೇವರ ಬಲ ಹೋಗಿ ದೇವರ ಬಾಲವಾಗುತ್ತದೆ. ಯೇಸುವಿನ ತಾಯಿಯ ಹೆಸರು ನಮ್ಮ ಸತ್ಯವೇದದಲ್ಲಿ ಮರಿಯ. ಮೊದಲ ಅಕ್ಷರವನ್ನು ರಾಗ ಎಳೆದರೆ ಕೇಳಿಸುವುದು ‘ಮಾರಿ’. ನಮ್ಮೂರ ಕಡೆ ಮಾರಿ ಅಂದರೆ ಏನೆಂದು ಹೇಳಬೇಕಿಲ್ಲ. ಕ್ರೈಸ್ತರಿಗೆ ತುಂಬ ಬೇಕಾದ ‘ಪವಿತ್ರ’, ‘ಸುವಾರ್ತೆ’ ಮುಂತಾದ ಪದಗಳಂತೂ ಲಘು-ಗುರು-ಲಘು. ಅವನ್ನು ಏಟಿನ ಮೇಲೆ ಶುರುಮಾಡಿದರೆ ಗುರು ಏಟಿಗೆ ಸಿಗದೆ ಪಕ್ಕಕ್ಕೆ ಬೀಳುತ್ತದೆ, ಹಾಡುವವರ ಬಾಯಿ ತಾನಾಗಿಯೇ ‘ಪಾವಿತ್ರ’, ‘ಸೂವಾರ್ತೆ’ ಎಂದು ಸರಿಪಡಿಸಿಕೊಳ್ಳುತ್ತದೆ. ಅಂಥ ಹಾಡುಗಳನ್ನು ಕೇಳಿದಾಗ ಅವ್ವ ಹೇಳುವ ಮಾತೊಂದಿದೆ: “ಬಾಯಾಗ ಖಡಿ ಇಟ್ಕೊಂಡು ಹಾಡಿದಂಗ ಆಗತೈತಿ.” ಖಡಿ ಅಂದರೆ ಜಲ್ಲಿಕಲ್ಲು. ಛಂದಸ್ಸಿನ ದೋಷಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ನಾನು ಕೇಳಿಲ್ಲ.

ದಾರಿ ತೋರಿಸಿದ್ದು ಕೀಬೋರ್ಡೇ. ಅಕ್ಷರ ಎಣಿಸುವುದನ್ನು ಬಿಟ್ಟು ಮಾತ್ರೆ ಎಣಿಸಲು ಶುರುಮಾಡಿದೆ. ಒಂದು ಏಟಿಗೆ ಎರಡು ಮಾತ್ರೆ ಎಂದಿಟ್ಟುಕೊಂಡರೆ ಎಂಟು ಏಟಿಗೆ ಹದಿನಾರು. ಎರಡೆರಡು ಏಟು ಸೇರಿಸಿದರೆ ನಾಲ್ಕು ಮಾತ್ರೆಯ ನಾಲ್ಕು ಗಣ. ಛಂದಸ್ಸು ಓದಿದವರು ಇಷ್ಟರಲ್ಲಿ ಗುರುತಿಸಿರುತ್ತೀರಿ, ಇದು ಮಂದಾನಿಲ ರಗಳೆಯ ಲೆಕ್ಕ! ಜರ್ಮನಿಯ ಮುದ್ರಣೋತ್ಸವದ ರಾಗ ಹಳಗನ್ನಡ ಕವಿಗಳ ನಡಿಗೆಯಲ್ಲೇ ಹೆಜ್ಜೆ ಹಾಕುತ್ತಿತ್ತು. ಒಂದು ಏಟಿನೊಳಗೆ ಒಂದು ಗುರು ಇಡಬಹುದು, ಇಲ್ಲವೇ ಎರಡು ಲಘು. ಎರಡು ಲಘು ಬಂದಾಗ ಅದೇ ಸ್ವರವನ್ನು ಎರಡು ಬಾರಿ ಬೇಗ ನುಡಿದರಾಯಿತು, ರಾಗ ಕೂದಲಷ್ಟೂ ಅಲುಗುವುದಿಲ್ಲ. ಏಳು ಅಕ್ಷರದ ಇಕ್ಕಟ್ಟಿನ ಬದಲು ಹನ್ನೊಂದು ಹನ್ನೆರಡು ಅಕ್ಷರಗಳ ಮನೆ ಸಿಕ್ಕಿತು.

ಇನ್ನೊಂದು ಅನುಕೂಲವೂ ಇತ್ತು. ಈ ರಾಗ ಏಟಿನ ಮೇಲೇ ಆರಂಭವಾಗುತ್ತದೆ. ಅನೇಕ ಇಂಗ್ಲಿಷ್ ಕೀರ್ತನೆಗಳು ಏಟಿಗೆ ಮುಂಚಿನ ಒಂದು ಹಗುರ ಸ್ವರದಿಂದ ಶುರುವಾಗುತ್ತವೆ, ಅಲ್ಲಿ ಅವರು ‘ಒಂದು’, ‘ಆ’ ಎಂಬಂಥ ಪುಟ್ಟ ಪದವನ್ನು ಇಟ್ಟುಬಿಡುತ್ತಾರೆ. ಕನ್ನಡದಲ್ಲಿ ಒತ್ತು ಪದದ ಮೊದಲ ಅಕ್ಷರಕ್ಕೆ, ಆ ಹಗುರ ಸ್ವರಕ್ಕೆ ಇಡಲು ನಮ್ಮಲ್ಲಿ ಏನೂ ಇಲ್ಲ. ಕ್ಯಾರಲ್ ಆರಿಸುವವರು ಮೊದಲು ನೋಡಬೇಕಾದದ್ದು ಇದನ್ನೇ ಎನ್ನುವುದು ನನ್ನ ಅಭಿಪ್ರಾಯ. ಅರ್ಥ ಎಷ್ಟೇ ಇಷ್ಟವಾದರೂ ರಾಗ ಹಗುರ ಸ್ವರದಿಂದ ಶುರುವಾದರೆ ಕನ್ನಡ ಅಲ್ಲಿ ಎಡವುತ್ತದೆ.

ಈ ದಾರಿ ಹೊಸದೇನಲ್ಲ ಅನ್ನಿ. ನಿಘಂಟಿನ ಕಿಟೆಲ್ ನಮಗೆಲ್ಲ ಗೊತ್ತು. ಅದೇ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿ ಬರೆದರು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದರು. ಜರ್ಮನ್ ಕೀರ್ತನೆಗಳ ನಡುವೆ ಬೆಳೆದು ಬಂದವರಿಗೇ ಮೊದಲು ಅನ್ನಿಸಿದ್ದು ಕನ್ನಡದಲ್ಲಿ ಹಾಡಬೇಕಾದರೆ ಕನ್ನಡದ ಲಯ ಕಲಿಯಬೇಕು ಎಂದು.

ಪ್ರಾಸದ ವಿಚಾರದಲ್ಲೂ ಇದೇ ಹಾದಿ ಹಿಡಿದೆ. ಇಂಗ್ಲಿಷಿನಲ್ಲಿ ಸಾಲಿನ ಕೊನೆಗೆ ಪ್ರಾಸ. ಕನ್ನಡದಲ್ಲಿ ಕೊನೆಯ ಪ್ರಾಸ ತೀರ ಅಗ್ಗ: ‘ಬಂದನು, ನಿಂದನು, ತಂದನು’ ಎಂದು ದಿನವಿಡೀ ಪೋಣಿಸಬಹುದು, ಕ್ರಿಯಾಪದಗಳು ಒಂದೇ ಅಚ್ಚಿನಲ್ಲಿ ಮುಗಿಯುವುದರಿಂದ. ನಮ್ಮ ಕಿವಿಗೆ ನಿಜವಾಗಿ ಹಿಡಿಸುವುದು ಸಾಲಿನ ಎರಡನೆಯ ಅಕ್ಷರದ ಪ್ರಾಸ, ಆದಿಪ್ರಾಸ. ಸಿಕ್ಕಲ್ಲಿ ಎರಡೂ ಇರಲಿ, ಒಂದೇ ಸಿಕ್ಕರೆ ಆದಿಯದು ಇರಲಿ ಎಂದು ನಿಯಮ ಮಾಡಿಕೊಂಡೆ. ಮೊದಲ ಜೋಡಿ ಹೀಗೆ ಬಂತು:

ಕೇಳಿರಿ, ದೂತರ ಹಾಡಿದು ಕೇಳಿ
ಆಳುವ ಕಂದಗೆ ಮಹಿಮೆಯ ಹೇಳಿ

‘ಕೇಳಿರಿ’, ‘ದೂತರ’, ‘ಹಾಡಿದು’ ಮೂರೂ ಗುರು-ಲಘು-ಲಘು. ಕೊನೆಯ ‘ಕೇಳಿ’ಯಲ್ಲಿ ಮೂರೇ ಮಾತ್ರೆ, ಎಳೆಯುವ ಸ್ವರ ಅದನ್ನು ನಾಲ್ಕು ಮಾಡಿಕೊಳ್ಳುತ್ತದೆ. ‘ಮಹಿಮೆಯ’ ನಾಲ್ಕು ಲಘು, ಎರಡು ಏಟಿನಲ್ಲಿ ಹಿಡಿಸುತ್ತದೆ, ಒಂದಕ್ಷರವನ್ನೂ ಎಳೆಯಬೇಕಿಲ್ಲ. ಇದೇ ‘ಮಹಿಮೆ’ಯನ್ನು ಏಳಕ್ಷರದ ಲೆಕ್ಕದಲ್ಲಿ ಕೂರಿಸಿದರೆ ‘ಮಾಹೀಮೇ’ ಎಂದಾಗುತ್ತಿತ್ತು.

ಸಭಾಪಾಲಕರು ಒಂದು ಪ್ರಶ್ನೆ ಎತ್ತಿದರು: ಮೂಲದಲ್ಲಿರುವುದು ಹೊಸದಾಗಿ ಹುಟ್ಟಿದ ‘ಅರಸ’. ಮತ್ತಾಯನಲ್ಲಿ ಹೆರೋದ ಹೆದರಿದ್ದು ಕೂಸಿಗಲ್ಲ, ಅರಸ ಎಂಬ ಮಾತಿಗೆ. ಅರಸ ಎಲ್ಲಿ? ನಾನು ಹೇಳಿದೆ, ‘ಆಳುವ’ದಲ್ಲಿದ್ದಾನೆ. ಆಳುವ ಕಂದ ಎಂದಾಗ ತೊಟ್ಟಿಲು ಮತ್ತು ಸಿಂಹಾಸನ ಎರಡು ಪದಗಳಲ್ಲೇ ಎದುರಾಗುತ್ತವೆ. ಅದೂ ಅಲ್ಲದೆ ಕನ್ನಡದ ‘ಆಳು’ ಒಂದು ವಿಶೇಷ ಪದ, ಕ್ರಿಯಾಪದವಾದರೆ ದೊರೆತನ, ನಾಮಪದವಾದರೆ ಸೇವಕ. ಆಳಾಗಿ ದುಡಿ, ಅರಸಾಗಿ ಉಣ್ಣು ಎಂಬ ಗಾದೆ ಗೊತ್ತಿದ್ದವರಿಗೆ ಎರಡೂ ಒಟ್ಟಿಗೆ ಕೇಳಿಸುತ್ತವೆ. ಅವನು ದಾಸನ ರೂಪ ಧರಿಸಿಕೊಂಡ ಎನ್ನುವ ಫಿಲಿಪ್ಪಿ ಪತ್ರದ ಮಾತನ್ನು ಮೂಲದ ಈ ಸಾಲು ಹೇಳುವುದಿಲ್ಲ, ಕನ್ನಡ ತಾನಾಗಿಯೇ ಹೇಳಿತು. ಅವರಿಗೆ ಅದು ಹಿಡಿಸಿತು. ಆಮೇಲೆ ಅವರೇ ಒಂದು ತಮಾಷೆ ತೋರಿಸಿದರು. ಲೂಕನಲ್ಲಿ ದೂತರು ಹಾಡಿದರೆಂದು ಎಲ್ಲೂ ಇಲ್ಲ, ದೇವರನ್ನು ಸ್ತುತಿಸುತ್ತ ‘ಹೇಳಿದರು’ ಎಂದಷ್ಟೇ ಇದೆ. “ನಿಮ್ಮ ಎರಡನೆಯ ಸಾಲು ಲೂಕನದು, ಮೊದಲನೆಯದು ವೈಟ್‌ಫೀಲ್ಡನದು,” ಅಂದರು.

ಕಷ್ಟ ಕೊಟ್ಟದ್ದು ಮುಂದಿನ ಜೋಡಿ. ಭೂಮಿಯ ಮೇಲೆ ಶಾಂತಿ ಮತ್ತು ಕರುಣೆ, ದೇವರಿಗೂ ಪಾಪಿಗಳಿಗೂ ಇದ್ದ ಬಿರುಕು ಕೂಡಿತು, ಇದು ಮೂಲದ ಸಾರ. ಹಿಂದಿರುವುದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಐದನೆಯ ಅಧ್ಯಾಯ. ಅಲ್ಲಿ ಪೌಲನ ವ್ಯಾಕರಣ ಬಹಳ ಖಚಿತ: ಕೂಡಿಸಿಕೊಳ್ಳುವವನು ದೇವರು, ಕೂಡಿಸಲ್ಪಡುವುದು ಲೋಕ. ಹೆಜ್ಜೆ ಇಟ್ಟವನು ದೇವರೇ.

ಇದಕ್ಕೆ ಕನ್ನಡದಲ್ಲಿ ಎಷ್ಟೊಂದು ಪದಗಳಿವೆ, ಪ್ರತಿಯೊಂದೂ ಬೇರೆ ಕಡೆಗೆ ಎಳೆಯುತ್ತದೆ. ‘ರಾಜಿ’ ಅಂದರೆ ಪಂಚಾಯಿತಿ ಕಟ್ಟೆ ನೆನಪಾಗುತ್ತದೆ, ಇಬ್ಬರದೂ ತಪ್ಪಿದೆ, ಇಬ್ಬರೂ ಸ್ವಲ್ಪ ಬಿಟ್ಟುಕೊಡಿ ಎಂದ ಹಾಗೆ. ‘ಸಂಧಾನ’ ಎಂದರೆ ಎರಡು ಸೈನ್ಯಗಳ ನಡುವಿನ ಮಾತುಕತೆ. ನಮ್ಮಲ್ಲಿ ಕೃಷ್ಣಸಂಧಾನ ಎಂಬ ಪ್ರಸಂಗವೇ ಇದೆ, ಅದು ಮುರಿದು ಬಿದ್ದದ್ದೂ ಎಲ್ಲರಿಗೂ ಗೊತ್ತು. ‘ಮುನಿಸು ತೀರಿತು’ ಎಂದರೆ ದೇವರು ಕೋಪ ಮಾಡಿಕೊಂಡು ಕೂತಿದ್ದ, ಯಾರೋ ರಮಿಸಿದರು ಎಂಬ ಅರ್ಥ ಬರುತ್ತದೆ. ‘ದೇವರು ನರರು ಒಂದಾದರು’ ಎನ್ನುವುದು ಹಾಡಲು ಬಹಳ ಸೊಗಸು, ಗುಂಪಿನ ಇಬ್ಬರು ಅದನ್ನೇ ಇಡೋಣ ಅಂದರು. ಆದರೆ ಕನ್ನಡದಲ್ಲಿ ದೇವರ ಜೊತೆ ‘ಒಂದಾಗು’ವುದಕ್ಕೆ ಲಿಂಗಾಂಗ ಸಾಮರಸ್ಯದಿಂದ ಅದ್ವೈತದವರೆಗೆ ಒಂದು ದೊಡ್ಡ ಪರಂಪರೆಯ ಅರ್ಥವಿದೆ. ಕೇಳುವವರಿಗೆ ಬಯಲು ಬಯಲನ್ನು ಕೂಡಿತು ಎಂಬ ಭಾವ ಬರುತ್ತದೆ. ಅದು ತನ್ನ ಜಾಗದಲ್ಲಿ ದೊಡ್ಡ ಮಾತು, ಪೌಲ ಹೇಳಿದ ಮಾತಲ್ಲ.

ನಮ್ಮ ಗುಂಪಿನ ಹಿರಿಯರೊಬ್ಬರು ‘ತೊರೆದಿಹ ನಮ್ಮನು ಸೇರಿದ ತಾನೇ’ ಎಂಬ ಸಾಲು ಕೊಟ್ಟರು. ಮಾತ್ರೆ ಸರಿ, ಹದಿನಾರಕ್ಕೆ ಹದಿನಾರು. ಆದರೆ ಕನ್ನಡದ ಕೃದಂತಕ್ಕೊಂದು ಸ್ವಭಾವವಿದೆ, ಯಾರು ಮಾಡಿದರು ಎಂದು ಅದು ಬಾಯಿಬಿಡುವುದಿಲ್ಲ. ‘ತೊರೆದ ನಮ್ಮನ್ನು’ ಎಂದರೆ ದೇವರನ್ನು ತೊರೆದ ನಾವೂ ಆಗಬಹುದು, ದೇವರೇ ತೊರೆದ ನಾವೂ ಆಗಬಹುದು. ಒಂದೇ ರೂಪ, ಎರಡು ತದ್ವಿರುದ್ಧ ಬೋಧನೆ. ಇದನ್ನು ಕಂಡುಹಿಡಿಯಲು ನಾನು ಒಂದು ಸಣ್ಣ ಪರೀಕ್ಷೆ ಇಟ್ಟುಕೊಂಡಿದ್ದೆ. ಕಾಗದ ತೋರಿಸದೆ ಸಾಲನ್ನು ಫೋನಿನಲ್ಲಿ ಅವ್ವನಿಗೆ ಹೇಳುವುದು, ಆಮೇಲೆ “ಏನಂದಂಗಾತು?” ಎಂದು ಕೇಳುವುದು. ನಮ್ಮ ಕೆಲಸದಲ್ಲಿ ಬರೆದವನೇ ಪರೀಕ್ಷೆ ಮಾಡಬಾರದು ಎಂಬ ನಿಯಮ ಇದೆಯಲ್ಲ, ಇಲ್ಲೂ ಅದೇ. ಅವ್ವ ಒಂದು ಕ್ಷಣ ತಡೆದು, “ದೇವ್ರು ನಮ್ಮನ್ನ ಬಿಟ್ಟಿದ್ನಂತ, ಮತ್ತ ಬಂದನಂತ,” ಅಂದಳು. ಸಾಲು ಅಲ್ಲಿಗೆ ಮುಗಿಯಿತು.

ಕೃದಂತವನ್ನೇ ಬಿಟ್ಟು, ಎರಡು ನೇರ ವಾಕ್ಯ ಮಾಡಿದಾಗ ಬಿಡಿಸಿಕೊಂಡಿತು:

ದೂರಕೆ ಸರಿದೆವು, ದೇವನೆ ಬಂದ
ಊರಿಗು ಕಾಡಿಗು ಶಾಂತಿಯ ತಂದ

ಸರಿದವರು ನಾವು, ಬಂದವನು ಅವನು. ಕ್ರಿಯಾಪದದ ಬಾಲವೇ ಯಾರು ಯಾರೆಂದು ಹೇಳಿಬಿಡುತ್ತದೆ, ಏಳಕ್ಷರದ ಲೆಕ್ಕದಲ್ಲಿ ನಾವು ಮೊದಲು ಕತ್ತರಿಸುತ್ತಿದ್ದದ್ದು ಇದೇ ಬಾಲವನ್ನು. ‘ಭೂಮಿ’ಗೆ ಯಾರೋ ‘ಧಾರಿಣಿ’ ಸೂಚಿಸಿದರು, ಆದಿಪ್ರಾಸಕ್ಕೂ ಹೊಂದುತ್ತಿತ್ತು. ಆದರೆ ಧಾರಿಣಿ ಎಂದು ನಾವು ಯಾವಾಗ ಮಾತಾಡಿದ್ದೇವೆ? ಊರು ಕಾಡು ಎಂದರೆ ನಮ್ಮ ಮಾತಿನಲ್ಲಿ ಎಲ್ಲವೂ ಬಂತು; ಕಾಡಿನಲ್ಲಿ ರಾತ್ರಿ ಕುರಿ ಕಾಯುತ್ತಿದ್ದವರೂ ಬಂದರು. ‘ಕರುಣೆ’ ಎಂಬ ಪದ ಬಿಟ್ಟುಹೋಗಿದೆ ಎಂದು ಒಬ್ಬರು ಇನ್ನೂ ಬೇಸರದಲ್ಲಿದ್ದಾರೆ. ದೂರ ಹೋದವರ ಹತ್ತಿರಕ್ಕೆ ತಾನೇ ಬರುವುದಕ್ಕೆ ಬೇರೆ ಹೆಸರಿಲ್ಲ ಎಂದು ನನ್ನ ವಾದ. ‘ಶಾಂತಿ’ಯ ಬಗ್ಗೆಯೂ ಒಂದು ಮಾತು. ನಮ್ಮ ಹಳೆಯ ಸತ್ಯವೇದದಲ್ಲಿ ದೂತರ ಮಾತಿನಲ್ಲಿರುವುದು ‘ಸಮಾಧಾನ’. ಅದು ಒಳ್ಳೆಯ ಪದವೇ, ಆದರೆ ಇವತ್ತಿನ ಮಾತಿನಲ್ಲಿ ಸಮಾಧಾನ ಮಾಡುವುದು ಅಳುವವರಿಗೆ. ಅದಲ್ಲದೆ ಸ-ಮಾ-ಧಾ-ನ, ಲಘುವಿನಿಂದ ಶುರುವಾಗಿ ಎರಡು ಗುರು, ನಾಲ್ಕು ಮಾತ್ರೆಯ ಗಣವನ್ನು ನಡುವೆ ಸೀಳುತ್ತದೆ.

ಎರಡನೆಯ ಪದ್ಯದಲ್ಲಿ ದೇವರು ಮನುಷ್ಯನಾದ ಮಾತು. ಮೂಲದಲ್ಲಿ ಮಾಂಸದ ಮುಸುಕಿನೊಳಗೆ ದೈವತ್ವ ಕಾಣುತ್ತದೆ. ಕನ್ನಡದಲ್ಲಿ ಥಟ್ಟನೆ ಬರುವ ಪದ ‘ಅವತಾರ’. ನಮ್ಮ ಸಭೆಗಳಲ್ಲಿ ‘ಮನುಷ್ಯಾವತಾರ’ ಎಂಬ ಬಳಕೆ ಇದ್ದೇ ಇದೆ. ಹಾಡಿನಲ್ಲಿ ಬರಿಯ ಅವತಾರ ಎಂದರೆ ಹತ್ತರ ಜೊತೆ ಹನ್ನೊಂದು ಎಂಬ ಹಾಗೆ ಕೇಳಿಸುತ್ತದೆ, ಕೆಲಸ ಮುಗಿಸಿ ಹಿಂತಿರುಗುವ ಒಂದು ಭೇಟಿ. ಉಡುಪಿಯ ಗೆಳೆಯನೊಬ್ಬ ‘ವೇಷ’ ಎಂಬ ಪದ ಇಟ್ಟು ನೋಡಿದ, ಆಮೇಲೆ ತಾನೇ ತೆಗೆದ. “ಮಾರಾಯ್ರೆ, ವೇಷ ಅಂದ್ರೆ ಬೆಳಿಗ್ಗೆ ಚೌಕಿಯಲ್ಲಿ ಕಳಚಿ ಇಡುವುದಲ್ವಾ?” ಯಕ್ಷಗಾನ ನೋಡಿ ಬೆಳೆದವನಿಗೆ ಹೊಳೆದದ್ದು ಆದಿಸಭೆಯ ಪಂಡಿತರು ದಶಕಗಟ್ಟಲೆ ಜಗಳಾಡಿದ ವಿಷಯವೇ. ಯೇಸುವಿನ ದೇಹ ಬರೀ ತೋರಿಕೆ ಎನ್ನುವವರ ವಿರುದ್ಧವೇ ಯೋಹಾನನ ಮೊದಲ ಪತ್ರ ‘ನಾವು ಕೈಯಾರೆ ಮುಟ್ಟಿದೆವು’ ಎಂಬ ಅರ್ಥದ ಸಾಕ್ಷಿಯಿಂದ ಶುರುವಾಗುವುದು. ‘ಮೈಯನು ಹೊದ್ದು’ ಎಂಬುದೂ ಇದೇ ಕಾರಣಕ್ಕೆ ಬಿತ್ತು, ಹೊದ್ದ ಕಂಬಳಿ ತೆಗೆಯಬಹುದು. ‘ತಳೆ’ ಎಂಬ ಕ್ರಿಯಾಪದ ಮಾತ್ರ ಗಟ್ಟಿ. ಗರ್ಭ ತಳೆಯುತ್ತದೆ, ರೂಪ ತಳೆಯುತ್ತದೆ, ತಳೆದದ್ದನ್ನು ಕಳಚುವುದಿಲ್ಲ.

ಮೈಯನು ತಳೆಯುತ ಬಂದನು ದೇವ
ಕೈಯಲಿ ಮುಟ್ಟುವ ನಮ್ಮವನಾದ

ಮೂಲದ ಮುಸುಕನ್ನು ಬಿಟ್ಟೆವು, ಯೋಹಾನನ ಕೈಯನ್ನು ತಂದೆವು. ಕೃದಂತದ ಅದೇ ಹಳೆಯ ಸ್ವಭಾವ ಇಲ್ಲಿ ಉಪಕಾರ ಮಾಡಿತು ನೋಡಿ. ‘ಕೈಯಲಿ ಮುಟ್ಟುವ’ ಎಂದರೆ ನಾವು ಮುಟ್ಟಬಹುದಾದವನು, ಕುಷ್ಠರೋಗಿಯನ್ನು ತಾನೇ ಮುಟ್ಟಿದವನು. ಎರಡೂ ಸುವಾರ್ತೆಯಲ್ಲಿದೆ, ಆರಿಸುವ ಅಗತ್ಯವೇ ಬರಲಿಲ್ಲ.

‘ನಮ್ಮವ’ನ ಬಗ್ಗೆ ಒಂದು ಸಂಜೆ ಪೂರ್ತಿ ಚರ್ಚೆಯಾಯಿತು. ಅದು ಇಮ್ಮಾನುವೇಲ್ ಎಂಬ ಹೆಸರಿಗೆ, ದೇವರು ನಮ್ಮೊಡನೆ ಎಂಬ ಅರ್ಥಕ್ಕೆ, ನಾನು ಕೊಟ್ಟ ಕನ್ನಡ. ಪಕ್ಕದ ಮರಾಠಿ ಸಭೆಯ ಗೆಳೆಯನಿಗೆ ಈ ಪ್ರಶ್ನೆಯೇ ಬರುವುದಿಲ್ಲ. ಮರಾಠಿಯಲ್ಲಿ ‘ಆಮ್ಹಿ’ ಅಂದರೆ ನೀವು ಹೊರಗಿರುವ ನಾವು, ‘ಆಪಣ’ ಅಂದರೆ ನೀವೂ ಸೇರಿದ ನಾವು. ತಮಿಳು ತೆಲುಗಿನಲ್ಲೂ ಈ ಭೇದ ಉಂಟು. ಕನ್ನಡದ ‘ನಾವು’ ಅಷ್ಟು ಹೇಳುವುದಿಲ್ಲ. ಅಷ್ಟೇ ಆಗಿದ್ದರೆ ಚಿಂತೆಯಿಲ್ಲ. ನಮ್ಮ ಊರುಗಳಲ್ಲಿ ‘ಅವರು ನಮ್ಮವರೇ’ ಎಂದು ದನಿ ತಗ್ಗಿಸಿ ಹೇಳಿದರೆ ಅದರ ಅರ್ಥ ನಮ್ಮ ಜಾತಿಯವರು ಎಂದು. ಇದನ್ನು ಎತ್ತಿದವರು ನಮ್ಮ ಗುಂಪಿನ ಬೀದರಿನ ಅಕ್ಕ. “ಮನೆ ಬಾಡಿಗೆಗೆ ಕೇಳಿದಾಗ ಎಷ್ಟು ಸಲ ಕೇಳೀನಿ ಈ ಮಾತು, ಹಾಡಿನ್ಯಾಗೂ ಅದೇ ಬೇಕಾ?” ಅಂದರು. ಕೋಣೆ ಸುಮ್ಮನಾಯಿತು. ಆಮೇಲೆ ಅವರೇ, ಬಸವಣ್ಣನ ಒಂದು ವಚನ ಈ ಪದವನ್ನೇ ಹಿಡಿದುಕೊಂಡು ತಿರುಗಿಸಿ ಬಿಟ್ಟಿದೆಯಲ್ಲ, ಎಂದರು. ಪದ ಉಳಿಯಿತು. ಉಳಿಸಿದ್ದು ಅವರು, ನಾನಲ್ಲ. ಹಾಡುವಾಗ ಆ ಸಾಲಿನಲ್ಲಿ ಅವರ ದನಿ ಸ್ವಲ್ಪ ಮೇಲಿರುತ್ತದೆ.

ಮಲಾಕಿಯ ಸೂರ್ಯನ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ನೀತಿಸೂರ್ಯ ಮೂಡುತ್ತಾನೆ, ಅವನ ರೆಕ್ಕೆಗಳಲ್ಲಿ ವಾಸಿಮಾಡುವ ಗುಣವಿದೆ. ಸೂರ್ಯನಿಗೆ ರೆಕ್ಕೆ ಇರುವ ಚಿತ್ರ ಈಜಿಪ್ಟಿನಲ್ಲಿ, ಅಸ್ಸೀರಿಯದಲ್ಲಿ ಸಾಮಾನ್ಯ. ನಮ್ಮ ಸೂರ್ಯ ಏಳು ಕುದುರೆಯ ರಥದವನು. ರೆಕ್ಕೆ ಎಂದು ಹಾಡಿದರೆ ಮಕ್ಕಳ ಕಣ್ಣಿಗೆ ಹಕ್ಕಿ ಬರುತ್ತದೆ, ದೊಡ್ಡವರಿಗೆ ಕೀರ್ತನೆಯ ‘ರೆಕ್ಕೆಯ ಮರೆ’ ನೆನಪಾಗುತ್ತದೆ, ಅದು ಬೇರೆ ಚಿತ್ರ. ವಾಸಿಮಾಡುವ ಸೂರ್ಯ ನಮ್ಮ ಮನೆಗಳಲ್ಲಿ ಬೇರೆ ರೂಪದಲ್ಲಿದ್ದಾನೆ. ಕೂಸಿಗೆ ಎಣ್ಣೆ ಹಚ್ಚಿ ಎರೆದು ಅಜ್ಜಿಯರು ಎಳೆಬಿಸಿಲಿಗೆ ಹಿಡಿಯುತ್ತಾರಲ್ಲ, ಅದು.

ನೀತಿಯ ನೇಸರ ಎಳೆಬಿಸಿಲಲ್ಲಿ
ಸೋತವರೆಲ್ಲರ ಗಾಯವು ಮಾಯಲಿ

ರೆಕ್ಕೆ ಹೋಯಿತು, ಕೆಲಸ ಉಳಿಯಿತು. ಕ್ರಿಸ್ಮಸ್ಸಿನ ಹಾಡಿಗೆ ಕೂಸನ್ನು ಹಿಡಿಯುವ ಬಿಸಿಲು ಬಂದದ್ದು ಲಾಭ ಅನ್ನಿಸಿತು. ‘ನೀತಿ’ ಪದ ಹೊರಗಿನವರಿಗೆ ಶಾಲೆಯ ನೀತಿಪಾಠದಂತೆ ಕೇಳಬಹುದು, ಸಭೆಯೊಳಗೆ ಅದರ ಅರ್ಥ ಗಟ್ಟಿ. ಹಾಡುವುದು ಸಭೆ ಎಂದು ಬಿಟ್ಟೆವು.

ಎರಡನೆಯ ಹುಟ್ಟು ಅತಿ ಅಪಾಯದ ಜಾಗ. ನಿಕೊದೇಮನಿಗೆ ಹೇಳಿದ ಆ ಮಾತನ್ನು ‘ಪುನರ್ಜನ್ಮ’ ಎಂದು ಹಾಡಿದರೆ ಕಥೆ ಮುಗಿಯಿತು. ಕೇಳಿದವರು ಹಿಂದಿನ ಜನ್ಮದಲ್ಲಿ ಏನಾಗಿದ್ದೆವು ಎಂದು ಯೋಚಿಸುತ್ತಾರೆ. ‘ಮರುಜನ್ಮ’ ಎಂದರೆ ಅಪಘಾತದಲ್ಲಿ ಬದುಕಿ ಉಳಿದದ್ದು. ‘ದ್ವಿಜ’ದ ಕಡೆಗಂತೂ ಹೋಗುವ ಹಾಗೇ ಇಲ್ಲ. ಯೋಹಾನನ ಗ್ರೀಕಿನಲ್ಲಿರುವ ಪದಕ್ಕೆ ‘ಮತ್ತೊಮ್ಮೆ’ ಮತ್ತು ‘ಮೇಲಿನಿಂದ’ ಎಂದು ಎರಡೂ ಅರ್ಥವಿದೆ, ನಿಕೊದೇಮ ತಪ್ಪು ತಿಳಿದದ್ದೇ ಅದರಿಂದ. ಕನ್ನಡದಲ್ಲಿ ಎರಡನ್ನೂ ಬಿಡಿಸಿ ಇಟ್ಟರೆ ಗೊಂದಲವಿಲ್ಲ: ಮೇಲಿನ ಹೊಸ ಹುಟ್ಟು. ‘ನಮಗಿದೊ ಮೇಲಿನ ಹೊಸಹುಟ್ಟಿತ್ತ’ ಎಂದು ಕರಡು ಬರೆದು, ‘ಹುಟ್ಟು ಇತ್ತ’ನು, ಕೊಟ್ಟನು ಎಂಬ ಅರ್ಥದಲ್ಲಿ, ಅವ್ವನ ಪರೀಕ್ಷೆಗೆ ಕಳಿಸಿದೆ. “ಹುಟ್ಟಿತ್ತಾ? ಯಾವಾಗ ಹುಟ್ಟಿತ್ತು?” ಎಂದು ಅವಳು ಕೇಳಿದಳು. ಕಾಗದದ ಮೇಲೆ ಸಂಧಿ ಸರಿ, ಕಿವಿಗೆ ಅದು ಪ್ರಶ್ನೆ. ಕೊನೆಗೆ ನಿಂತದ್ದು,

ಮೇಲಣ ಹೊಸಹುಟ್ಟೆಲ್ಲರಿಗುಂಟು

ಮಕ್ಕಳ ವಿಷಯ ಹೇಳಲೇಬೇಕು. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಅವರಿಗೆ ವಾಟ್ಸಾಪಿನಲ್ಲಿ ರೋಮನ್ ಅಕ್ಷರಗಳಲ್ಲಿ ಕಳಿಸಬೇಕು, ಅಲ್ಲಿ ಹ್ರಸ್ವ ದೀರ್ಘ ಎರಡೂ ಒಂದೇ. ಇಷ್ಟು ಕಷ್ಟಪಟ್ಟು ಉಳಿಸಿದ ಮಾತ್ರೆ ಅಲ್ಲಿ ಸೋರಿಹೋಗುತ್ತದೆ. ಹಾಗಾಗಿ ದೀರ್ಘವಿರುವಲ್ಲೆಲ್ಲ ಸ್ವರವನ್ನು ಎರಡು ಸಲ ಟೈಪ್ ಮಾಡಿ, ಗಣ ಮುಗಿಯುವ ಕಡೆ ಒಂದು ಅಡ್ಡಗೆರೆ ಎಳೆದು ಕಳಿಸಿದೆ:

```
keeLiri | duutara | haaDidu | keeLi
aaLuva | kandage | mahimeya | heeLi
```

ಕೀಬೋರ್ಡಿನಲ್ಲಿ ಗೆರೆಗೊಂದು ಏಟು ಕೊಟ್ಟು ಬರೀ ಓದಿಸಿದೆ, ರಾಗ ಹೇಳಲಿಲ್ಲ. ರಗಳೆ ಓದಿದ ಹಾಗೆ ನಾಲ್ಕು ಬಾರಿ ಓದಿದ ಮೇಲೆ ರಾಗ ಕೊಟ್ಟರೆ ಒಬ್ಬರೂ ಎಡವಲಿಲ್ಲ. ಆರಂಭದಲ್ಲೇ ರಾಗದೊಡನೆ ಕೊಟ್ಟ ಇನ್ನೊಂದು ಗುಂಪು ಇಂಗ್ಲಿಷಿನ ಅಭ್ಯಾಸದಿಂದ ‘ಮಹಿಮೆ’ಯನ್ನು ಎಳೆಯುತ್ತಲೇ ಇತ್ತು.

ಆ ಡಿಸೆಂಬರಿನಲ್ಲಿ ನಾವು ಹಾಡಿದ್ದು ಆರು ಜೋಡಿ ಸಾಲುಗಳನ್ನಷ್ಟೇ. ಮೂಲದಲ್ಲಿ ಇನ್ನೂ ಇವೆ. ಅದರಲ್ಲಿ ಒಂದು ಸಾಲು ಈಗಲೂ ನನ್ನ ಪುಸ್ತಕದಲ್ಲಿ ಖಾಲಿ. ಅವನು ತನ್ನ ಮಹಿಮೆಯನ್ನು ಮೆಲ್ಲನೆ ಪಕ್ಕಕ್ಕಿಟ್ಟ ಎಂಬ ಸಾಲು. ಫಿಲಿಪ್ಪಿ ಪತ್ರಕ್ಕೆ ನಮ್ಮ ಸತ್ಯವೇದ ಬಳಸುವ ಪದ ‘ಬರಿದು’, ಅವನು ತನ್ನನ್ನು ಬರಿದು ಮಾಡಿಕೊಂಡ. ಎಂಥ ಕನ್ನಡ ಪದ! ಆದರೆ ಮೂರೂ ಲಘು, ಎಳೆಯುವಂತಿಲ್ಲ, ಎಳೆದರೆ ‘ಬಾರದು’ ಎಂಬುದರ ಹತ್ತಿರ ಹೋಗುತ್ತದೆ, ಬಂದವನ ಹಾಡಿನಲ್ಲಿ ಬಾರದು ಎನ್ನುವುದು ಹೇಗೆ? ‘ಬರಿಗೈ’ ನಾಲ್ಕು ಮಾತ್ರೆ, ಸರಿಯಾದ ಗಣ. ಹೊತ್ತುಕೊಂಡು ಬರಬಹುದಾದವನು ಬರಿಗೈಯಲ್ಲಿ ಬಂದ ಎಂಬ ಅರ್ಥವೂ ಹತ್ತಿರದ್ದು. ಆದರೆ ನೆಂಟರ ಮನೆಗೆ ಬರಿಗೈಯಲ್ಲಿ ಬರುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅವ್ವನಿಗೆ ಕೇಳಿದೆ. “ಬರಿಗೈಲೆ ಬಂದ್ರ ಏನಾತು, ಬಂದ್ನಲ್ಲ,” ಅಂದಳು. ಸಭಾಪಾಲಕರು ಇನ್ನೂ ಒಪ್ಪಿಲ್ಲ.